ತಮ್ಮನನ್ನು ಹತ್ತಿರದ ಜೈಲಿಗೆ ತರಿಸಿಕೊಂಡ ಬಗೆ

ನನ್ನ ತಮ್ಮ ಲಾರಿ ಚಾಲಕ. ಉತ್ತರ ಭಾರತದ ಒಂದು ರಾಜ್ಯದ ಹೆದ್ದಾರಿಯಲ್ಲಿ ಜೊತೆಗಿದ್ದ ಕ್ಲೀನರ್‌ನೊಂದಿಗೆ ಶುರುವಾದ ಜಗಳ ಕೊಲೆಯಲ್ಲಿ ಮುಗಿಯಿತು. ಅಲ್ಲಿನ ಸೆಷನ್ಸ್ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಅಲ್ಲಿನ ಹೈಕೋರ್ಟ್‌ನಲ್ಲಿದೆ, ಆ ವಿಷಯ ಇಲ್ಲಿ ಬೇಡ. ಶಿಕ್ಷೆಯಾದ ಮೇಲೆ ಅವನನ್ನು ನಮ್ಮ ರಾಜ್ಯದ ಜೈಲಿಗೆ ತರಿಸಿಕೊಳ್ಳಲು ನಾವು ಏನೇನು ಮಾಡಬೇಕಾಯಿತು ಎಂಬುದನ್ನಷ್ಟೇ ಬರೆಯುತ್ತೇನೆ. ಇದೇ ಪರಿಸ್ಥಿತಿಯಲ್ಲಿರುವ ಬೇರೆ ಕುಟುಂಬಗಳು ನನಗೆ ಫೋನ್ ಮಾಡಿ ಕೇಳುವುದೂ ಇದನ್ನೇ.

ಮೊದಲು ತಿಳಿದುಕೊಳ್ಳಬೇಕಾದದ್ದು ಯಾರ ಕೈಯಲ್ಲಿ ಏನಿದೆ ಎಂಬುದು. ಒಂದೇ ರಾಜ್ಯದೊಳಗೆ ಒಂದು ಜೈಲಿನಿಂದ ಇನ್ನೊಂದಕ್ಕೆ ಶಿಕ್ಷೆಗೊಳಗಾದ ಕೈದಿಯನ್ನು ಕಳಿಸುವುದು ಆ ರಾಜ್ಯದ ಕಾರಾಗೃಹ ಇಲಾಖೆಯ ಒಳಗಿನ ಕೆಲಸ. ವಿಚಾರಣಾಧೀನ ಕೈದಿಯಾದರೆ ಅವನನ್ನು ಜೈಲಿಗೆ ಕಳಿಸಿದ ನ್ಯಾಯಾಲಯದ ಅನುಮತಿ ಬೇಕು. 2012ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ನಮ್ಮದು ಮೂರನೆಯ ಬಗೆ: ಶಿಕ್ಷೆಯಾದ ಕೈದಿ, ರಾಜ್ಯದಿಂದ ರಾಜ್ಯಕ್ಕೆ. ಇದಕ್ಕೆ 1950ರ ಕೈದಿಗಳ ವರ್ಗಾವಣೆ ಕಾಯ್ದೆ ಇದೆ. ಕಾಯ್ದೆ ತೀರಾ ಚಿಕ್ಕದು. ಅದರ 3ನೇ ಕಲಮಿನ ಸಾರಾಂಶ ಇಷ್ಟೇ: ಕೈದಿ ಇರುವ ರಾಜ್ಯದ ಸರ್ಕಾರ, ಇನ್ನೊಂದು ರಾಜ್ಯದ ಸರ್ಕಾರ ಒಪ್ಪಿದರೆ, ಆದೇಶ ಹೊರಡಿಸಿ ಅವನನ್ನು ಅಲ್ಲಿಗೆ ಕಳಿಸಬಹುದು. 'ಕಳಿಸಬಹುದು' ಎಂದಿದೆಯೇ ಹೊರತು 'ಕಳಿಸಬೇಕು' ಎಂದಿಲ್ಲ. ಯಾವ ಕಾರಣಕ್ಕೆ ಎಂದೂ ಕಾಯ್ದೆಯಲ್ಲಿ ಬರೆದಿಲ್ಲ.

ಕಾರಣಗಳಿಗೆ ಬೇರೆ ಕಡೆ ಹುಡುಕಬೇಕು. ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿಯಲ್ಲಿ ವರ್ಗಾವಣೆಗೆ ಒಪ್ಪಬಹುದಾದ ಕಾರಣಗಳ ಪಟ್ಟಿ ಇದೆ. ವೈದ್ಯಕೀಯ ಕಾರಣ, ಮಾನವೀಯ ಕಾರಣ, ಪುನರ್ವಸತಿಯ ಹಿತ, ಜೊತೆಗೆ ನೇರವಾಗಿ 'ತವರು ಜಿಲ್ಲೆಗೆ ಹತ್ತಿರ ಇರಲು' ಎಂಬುದೂ ಅದರಲ್ಲಿ ಸೇರಿದೆ. ಅದು ಮಾದರಿ ಮಾತ್ರ. ಪ್ರತಿ ರಾಜ್ಯದ ಕೈಪಿಡಿಯಲ್ಲಿ ಏನಿದೆ ಎಂದು ನೋಡಿ ಅದರ ನಿಯಮವನ್ನೇ ಅರ್ಜಿಯಲ್ಲಿ ಕಾಣಿಸಬೇಕು. ಕೈದಿಗಳನ್ನು ಸಾಧ್ಯವಾದಷ್ಟೂ ಅವರ ಮನೆಗೆ ಹತ್ತಿರದ ಜೈಲಿನಲ್ಲಿಡಬೇಕು ಎಂದು ವಿಶ್ವಸಂಸ್ಥೆಯ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 59ನೆಯದು ಹೇಳುತ್ತದೆ. ಬಂಧುಮಿತ್ರರ ಭೇಟಿ ಕಡಿದುಹೋಗುವಂತೆ ಕೈದಿಯನ್ನು ದೂರದ ಜೈಲಿಗೆ ಕಳಿಸುವುದು ಶಿಕ್ಷೆಯ ಮೇಲೆ ಶಿಕ್ಷೆಯಾಗಬಹುದು ಎಂಬ ಅರ್ಥದ ಮಾತನ್ನು 1979ರಲ್ಲೇ ಸುನಿಲ್ ಬಾತ್ರಾ ಎರಡನೇ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆಡಿದೆ. ಇವು ನಮ್ಮ ಕಡೆಯ ಮಾತುಗಳು. ಆದರೆ ಇಂಥದೇ ಜೈಲಿನಲ್ಲಿ ಇಡಿ ಎಂದು ಕೇಳುವ ಪೂರ್ಣ ಹಕ್ಕು ಕೈದಿಗಿಲ್ಲ ಎಂದು 2005ರಲ್ಲಿ ಬಿಹಾರದ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ ಹೇಳಿರುವುದೂ ನಿಜ. ಅಧಿಕಾರಿಗಳು ತೋರಿಸುವುದು ಇದನ್ನು.

ನಮಗೆ ದಾರಿ ತೋರಿಸಿದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಸಿಕ್ಕ ವಕೀಲೆ. ಬಂಧನದಲ್ಲಿರುವವರಿಗೂ ಹೆಣ್ಣುಮಕ್ಕಳಿಗೂ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾಯ್ದೆ ಹೇಳುತ್ತದೆ. ಹಾಗಾಗಿ ತಮ್ಮನೂ ಅರ್ಹ, ಅಮ್ಮನೂ ಅರ್ಹಳು. ನಾನು ಬರೆದುಕೊಂಡು ಹೋಗಿದ್ದ ಉದ್ದನೆಯ ಮನವಿಯನ್ನು ಅವರು ಪೂರ್ತಿ ಓದಿದರು. "ನೋಡಿ ಅಮ್ಮಾ, ಇದರಲ್ಲಿ ಇರುವುದೆಲ್ಲ ನಿಜ. ಆದರೆ ಇದನ್ನು ಓದುವ ಗುಮಾಸ್ತ ಟಿಪ್ಪಣಿ ಹಾಳೆಯಲ್ಲಿ ಏನು ಬರೆಯಬೇಕು? ಅವನು ಬರೆಯಬಹುದಾದ ನಾಲ್ಕು ಸಾಲುಗಳನ್ನು ನಾವೇ ಬರೆದುಕೊಡೋಣ. ಪ್ರತಿ ಸಾಲಿನ ಹಿಂದೆ ಒಂದು ಕಾಗದ ಇರಲಿ" ಎಂದರು. ಮುಂದೆ ಮಾಡಿದ್ದೆಲ್ಲ ಆ ಮಾತಿನ ಪ್ರಕಾರವೇ.

ಮೊದಲ ಸಾಲು ಅಮ್ಮನ ಆರೋಗ್ಯ. ಅಮ್ಮನಿಗೆ ಎರಡೂ ಮೂತ್ರಪಿಂಡ ಕೆಲಸ ಮಾಡುವುದಿಲ್ಲ. ಡಯಾಲಿಸಿಸ್ ಮೇಲೆ ಬದುಕಿದ್ದಾಳೆ. ಆಸ್ಪತ್ರೆಯಲ್ಲಿ ಮೊದಲು ಕೊಟ್ಟ ಪ್ರಮಾಣಪತ್ರದಲ್ಲಿ 'ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯಿಂದ ಬಳಲುತ್ತಿದ್ದಾರೆ' ಎಂದಿತ್ತು. ವಕೀಲೆ ಅದನ್ನು ಹಿಂದಕ್ಕೆ ಕೊಟ್ಟರು. ಕಾಯಿಲೆಯ ಹೆಸರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ, ಆ ಕಾಯಿಲೆಯವರು ಪ್ರಯಾಣ ಮಾಡಬಲ್ಲರೇ ಎಂಬುದೇ ಪ್ರಶ್ನೆ ಎಂದರು. ಎರಡನೇ ಪ್ರಮಾಣಪತ್ರದಲ್ಲಿ ವೈದ್ಯರು ಹೀಗೆ ಬರೆದರು: ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕು, ಎರಡು ಸರದಿಗಳ ನಡುವೆ ಹೆಚ್ಚೆಂದರೆ ಎರಡು ದಿನ ಬಿಡುವು ಸಿಗುತ್ತದೆ, ಆ ಬಿಡುವಿನಲ್ಲಿ ಮುಗಿಯದ ಯಾವ ಪ್ರಯಾಣವೂ ಇವರಿಗೆ ಅಪಾಯಕಾರಿ. ಇದರ ಜೊತೆಗೆ ರೈಲಿನ ವೇಳಾಪಟ್ಟಿಯ ಪ್ರತಿಯನ್ನೂ ಲಗತ್ತಿಸಿದೆವು. ಹೋಗಿಬರುವುದಕ್ಕೆ ಆ ಬಿಡುವು ಸಾಲುವುದಿಲ್ಲ ಎಂಬುದು ಎರಡು ಹಾಳೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಯಾರಿಗಾದರೂ ಕಾಣುತ್ತಿತ್ತು.

ಎರಡನೇ ಸಾಲು ಭೇಟಿ. 'ಭೇಟಿಯಾಗಲು ಆಗುತ್ತಿಲ್ಲ' ಎಂದು ಬರೆದರೆ ಅದು ನಮ್ಮ ಮಾತು. ಅದರ ಬದಲು ಆ ಜೈಲಿನ ಸಂದರ್ಶಕರ ಪುಸ್ತಕದಲ್ಲಿ ತಮ್ಮನ ಹೆಸರಿನ ಮುಂದಿರುವ ನಮೂದುಗಳ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಅವನಿಂದಲೇ ಕೇಳಿಸಿದೆವು. ಬಂಧನವಾದ ದಿನದಿಂದ ಅಮ್ಮನ ಹೆಸರು ಅದರಲ್ಲಿ ಒಮ್ಮೆಯೂ ಇರಲಿಲ್ಲ. ಅದು ಅವರದೇ ದಾಖಲೆಯಾದ್ದರಿಂದ ಅಲ್ಲಗಳೆಯುವಂತಿರಲಿಲ್ಲ.

ಮೂರನೆಯದು ಭಾಷೆ. ತಮ್ಮನಿಗೆ ಲಾರಿ ಓಡಿಸುವಷ್ಟು ಹಿಂದಿ ಬರುತ್ತದೆ, ಜೈಲಿನ ವೈದ್ಯರಿಗೆ ಎದೆನೋವು ವಿವರಿಸುವಷ್ಟು ಬರುವುದಿಲ್ಲ, ಓದಲು ಬರೆಯಲು ಏನೂ ಬರುವುದಿಲ್ಲ. ಅಲ್ಲಿನ ಗ್ರಂಥಾಲಯವಾಗಲಿ ತರಗತಿಯಾಗಲಿ ಅವನಿಗೆ ಇದ್ದೂ ಇಲ್ಲದಂತೆ. ಪುನರ್ವಸತಿ ಎಂಬ ಕಾರಣದ ಕೆಳಗೆ ಇದನ್ನು ಸೇರಿಸಿದೆವು. ನಾಲ್ಕನೆಯದು ಅವನ ನಡತೆ: ಜೈಲಿನೊಳಗೆ ಯಾವ ಶಿಕ್ಷೆಯೂ ಆಗಿಲ್ಲ, ತಪ್ಪಿಸಿಕೊಳ್ಳುವ ಪ್ರಯತ್ನ ಮಾಡಿಲ್ಲ ಎಂಬುದು.

ನನ್ನ ಮೊದಲ ಮನವಿಯಲ್ಲಿದ್ದ ಎರಡು ವಿಷಯಗಳನ್ನು ವಕೀಲೆ ತೆಗೆಸಿಹಾಕಿದರು. ತಮ್ಮ ನಿರಪರಾಧಿ ಎಂಬುದು ಒಂದು. ಅದನ್ನು ಹೇಳುವ ಜಾಗ ಮೇಲ್ಮನವಿ. ಆ ಜೈಲಿನ ಊಟ, ನೀರು, ಇಕ್ಕಟ್ಟಿನ ದೂರು ಇನ್ನೊಂದು. ಅದು ಸುಳ್ಳಲ್ಲ, ಆದರೆ ಅರ್ಜಿ ಮೊದಲು ಹೋಗುವುದು ಅದೇ ಜೈಲಿನ ಅಧೀಕ್ಷಕರ ಮೇಜಿಗೆ. ದೂರು ಇದ್ದರೆ ಅವರು ತಮ್ಮ ಜೈಲನ್ನು ಸಮರ್ಥಿಸುವ ವರದಿ ಬರೆಯುತ್ತಾರೆ, ನಮ್ಮ ಕೋರಿಕೆ ಅದರಡಿಯಲ್ಲಿ ಹೂತುಹೋಗುತ್ತದೆ. ಒಳಗೆ ನಿಜವಾಗಿಯೂ ಜೀವಭಯವಿದ್ದರೆ ಮಾತ್ರ ಲೆಕ್ಕ ಬೇರೆ. ಆಗ ವರ್ಗಾವಣೆಯ ಅರ್ಜಿ ಕೊಟ್ಟು ಕಾಯುತ್ತಾ ಕೂರಬಾರದು, ನೇರವಾಗಿ ನ್ಯಾಯಾಲಯದ ಮುಂದೆ ಹೋಗಬೇಕು.

ಅರ್ಜಿಗೆ ತಮ್ಮನೇ ಅಧೀಕ್ಷಕರ ಎದುರು ಸಹಿ ಹಾಕಿದ. ಅಮ್ಮನ ಹೆಸರಿನಲ್ಲಿ ಇನ್ನೊಂದು ಮನವಿಯನ್ನು ಎರಡೂ ರಾಜ್ಯಗಳ ಗೃಹ ಇಲಾಖೆಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿದೆವು. ಕೈದಿಯ ಸ್ವಂತ ಅರ್ಜಿ ಇಲ್ಲದೆ ಬರೀ ಮನೆಯವರ ಕಾಗದ ಹೋದರೆ, 'ಕೈದಿಯ ಇಚ್ಛೆ ತಿಳಿಯಿರಿ' ಎಂಬ ಒಂದೇ ಸಾಲಿನ ಪತ್ರ ಹೋಗಿಬರುವುದಕ್ಕೇ ತಿಂಗಳುಗಳು ಹಿಡಿಯುತ್ತವೆ.

ಅಲ್ಲಿಂದ ಬಂದ ಮೊದಲ ತಕರಾರು ನಾವು ನೆನೆಸಿಯೂ ಇರದ ಕಡೆಯಿಂದ. ತಮ್ಮನ ಮೇಲೆ ಅದೇ ರಾಜ್ಯದ ಬೇರೊಂದು ಜಿಲ್ಲೆಯಲ್ಲಿ ಅಜಾಗರೂಕ ಚಾಲನೆಯ ಹಳೆಯ ಪ್ರಕರಣವೊಂದು ಬಾಕಿ ಇತ್ತು. ಯಾರಿಗೂ ಗಾಯವಾಗದ, ಎಲ್ಲರೂ ಮರೆತಿದ್ದ ಪ್ರಕರಣ. ಆದರೆ ಆ ನ್ಯಾಯಾಲಯ ಅವನನ್ನು ಹಾಜರುಪಡಿಸಲು ವಾರಂಟ್ ಕಳಿಸಿತ್ತು. ಕೊಲೆ ಪ್ರಕರಣದಲ್ಲಿ ಅವನು ಶಿಕ್ಷೆಯಾದ ಕೈದಿ, ಇದರಲ್ಲಿ ಇನ್ನೂ ವಿಚಾರಣಾಧೀನ ಆರೋಪಿ. 1950ರ ಕಾಯ್ದೆ ಶಿಕ್ಷೆಯಾದವರನ್ನು ಕುರಿತದ್ದು. ವಿಚಾರಣೆ ಬಾಕಿ ಇರುವವನನ್ನು ರಾಜ್ಯದಾಚೆ ಕಳಿಸಿದರೆ ಹಾಜರುಪಡಿಸುವವರು ಯಾರು ಎಂದು ಜೈಲಿನವರು ಕೇಳಿದ್ದು ನ್ಯಾಯವಾದದ್ದೇ. ಅಲ್ಲಿನ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಕಡತ ಹುಡುಕಿಸಿದರು. ತಮ್ಮ ತಪ್ಪೊಪ್ಪಿಕೊಂಡ, ದಂಡ ಕಟ್ಟಿದೆವು, ಪ್ರಕರಣ ಮುಗಿಯಿತು. ಆ ಆದೇಶದ ದೃಢೀಕೃತ ಪ್ರತಿ ಜೈಲಿಗೆ ತಲುಪಿದ ಮೇಲಷ್ಟೇ ಅರ್ಜಿ ಅಲ್ಲಿಂದ ಹೊರಟಿತು. ಅರ್ಜಿ ಹಾಕುವ ಮೊದಲೇ ಎಲ್ಲ ಠಾಣೆ, ಎಲ್ಲ ನ್ಯಾಯಾಲಯಗಳಲ್ಲಿ ಬಾಕಿ ಇರುವುದೇನು ಎಂದು ಕೈದಿಯನ್ನೇ ಕೇಳಿ ಪಟ್ಟಿ ಮಾಡಿಕೊಳ್ಳಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ. ಲಾರಿ ಓಡಿಸುವವರ ಮೇಲಂತೂ ಇಂಥದ್ದೊಂದು ಇದ್ದೇ ಇರುತ್ತದೆ.

ಆ ರಾಜ್ಯದ ಪತ್ರ ನಮ್ಮ ರಾಜ್ಯಕ್ಕೆ ಬಂದ ಮೇಲೆ ಶುರುವಾದದ್ದು ನಿಜವಾದ ಕೆಲಸ. ಕಳಿಸುವ ರಾಜ್ಯಕ್ಕೆ ಒಬ್ಬ ಕೈದಿ ಕಡಿಮೆಯಾಗುತ್ತಾನೆ, ಅವರಿಗೆ ಬೇಡವೆನ್ನಲು ದೊಡ್ಡ ಕಾರಣವಿರುವುದಿಲ್ಲ. ತೆಗೆದುಕೊಳ್ಳುವ ರಾಜ್ಯಕ್ಕೆ ಜಾಗ ಬೇಕು, ಕಾವಲು ಬೇಕು, ನಾಳೆ ಏನಾದರೂ ಆದರೆ ಉತ್ತರ ಹೇಳಬೇಕು. ಹಾಗಾಗಿ ಇಲ್ಲಿ ಎರಡು ವರದಿ ತರಿಸುತ್ತಾರೆ: ಜಾಗ ಇದೆಯೇ ಎಂದು ಕಾರಾಗೃಹ ಇಲಾಖೆಯಿಂದ, ಇವನು ಬಂದರೆ ಶಾಂತಿಭಂಗವಾಗುತ್ತದೆಯೇ ಎಂದು ಪೊಲೀಸರಿಂದ.

ಪೊಲೀಸ್ ವರದಿಗಾಗಿ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಮನೆಗೆ ಬಂದರು. ಪಡಿತರ ಚೀಟಿ, ಆಧಾರ್ ನೋಡಿ, ಮನೆ ಸ್ವಂತದ್ದೇ ಎಂದು ಕೇಳಿ, ಅಮ್ಮನ ತೋಳಿನಲ್ಲಿ ಡಯಾಲಿಸಿಸ್ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರವನ್ನು ಒಂದು ಕ್ಷಣ ನೋಡಿದರು. "ಅಜ್ಜಿ, ಸತ್ತ ಹುಡುಗನ ಮನೆ ಎಲ್ಲಿ?" ಎಂದು ಕೇಳಿದರು. ಅಮ್ಮ ನಿಜ ಹೇಳಿದಳು. ಆ ಹುಡುಗನೂ ನಮ್ಮ ತಾಲ್ಲೂಕಿನವನೇ. ತಮ್ಮನೇ ಅವನನ್ನು ಕೆಲಸಕ್ಕೆ ಕರೆದುಕೊಂಡು ಹೋಗಿದ್ದ.

ವರದಿ ವಿರುದ್ಧವಾಗಿ ಹೋಯಿತು. ಮೃತನ ಕುಟುಂಬ ಅದೇ ಪ್ರದೇಶದಲ್ಲಿದೆ, ಕೈದಿಯನ್ನು ಜಿಲ್ಲಾ ಕಾರಾಗೃಹಕ್ಕೆ ತಂದರೆ ಎರಡೂ ಕಡೆಯವರ ನಡುವೆ ಘರ್ಷಣೆಯಾಗುವ ಸಂಭವವಿದೆ ಎಂದಿತ್ತು. ನನಗೆ ಆ ವರದಿಯ ಮೇಲೆ ಕೋಪ ಬರಲಿಲ್ಲ. ಆ ಹುಡುಗನ ತಾಯಿಯೂ ನಮ್ಮಮ್ಮನ ವಯಸ್ಸಿನವಳು. ಭೇಟಿಯ ದಿನ ಜೈಲಿನ ಮುಂದೆ ಅವಳು ನಮ್ಮನ್ನು ಕಾಣುವಂತಾಗುವುದು ನಮಗೂ ಬೇಕಿರಲಿಲ್ಲ.

ಇಲ್ಲಿ ವಕೀಲೆ ಕೋರಿಕೆಯನ್ನೇ ತಿದ್ದಿದರು. ನಾವು ಹೆಸರಿಸಿದ್ದು ನಮ್ಮ ಜಿಲ್ಲಾ ಕಾರಾಗೃಹವನ್ನು. ಅದಕ್ಕೆ ಪೊಲೀಸರ ಆಕ್ಷೇಪವಷ್ಟೇ ಅಡ್ಡಿಯಾಗಿರಲಿಲ್ಲ. ಜಿಲ್ಲಾ ಜೈಲುಗಳಲ್ಲಿ ಹೆಚ್ಚಾಗಿ ಇರುವುದು ವಿಚಾರಣಾಧೀನ ಕೈದಿಗಳು. ಜೀವಾವಧಿಯವರನ್ನು ಸಾಮಾನ್ಯವಾಗಿ ಕೇಂದ್ರ ಕಾರಾಗೃಹದಲ್ಲೇ ಇಡುತ್ತಾರೆ. ಹಾಗಾಗಿ ನಮ್ಮ ಜಿಲ್ಲೆಯ ಹೊರಗೆ, ಅಮ್ಮ ಬೆಳಿಗ್ಗೆ ಹೊರಟು ರಾತ್ರಿಯೊಳಗೆ ಮರಳಬಹುದಾದ ದೂರದಲ್ಲಿರುವ ಎರಡು ಕೇಂದ್ರ ಕಾರಾಗೃಹಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದು, ಇವೆರಡರಲ್ಲಿ ಯಾವುದಾದರೂ ಸರಿ ಎಂದು ಹೊಸ ಮನವಿ ಕೊಟ್ಟೆವು. 'ಮನೆಗೆ ಹತ್ತಿರ' ಎಂದರೆ ಮನೆಯ ಪಕ್ಕ ಎಂದಾಗಬೇಕಿಲ್ಲ, ಅಮ್ಮನ ಡಯಾಲಿಸಿಸ್ ಬಿಡುವಿನೊಳಗೆ ಹೋಗಿಬರುವಷ್ಟು ಎಂದಾದರೆ ಸಾಕು. ಮೃತನ ಊರಿನಿಂದ ಆ ಜೈಲುಗಳು ಎಷ್ಟು ದೂರ ಎಂಬುದನ್ನೂ ನಾವೇ ಬರೆದುಕೊಟ್ಟೆವು. ಎರಡನೇ ಪೊಲೀಸ್ ವರದಿಯಲ್ಲಿ ಆಕ್ಷೇಪ ಇರಲಿಲ್ಲ.

ಆಮೇಲೆ ಒಂದು ಟಿಪ್ಪಣಿಯಲ್ಲಿ ಹೊಸ ಪ್ರಶ್ನೆ ಬಂತು: ಇ-ಮುಲಾಕಾತ್ ಮೂಲಕ ವಿಡಿಯೊ ಭೇಟಿಗೆ ಅವಕಾಶವಿರುವಾಗ ವರ್ಗಾವಣೆ ಏಕೆ? ಈ ಪ್ರಶ್ನೆ ಈಗ ಎಲ್ಲರಿಗೂ ಬರುತ್ತದೆ, ಉತ್ತರ ಮೊದಲೇ ಸಿದ್ಧವಿರಲಿ. ವಿಡಿಯೊ ಭೇಟಿಯನ್ನು ನಾವು ಬಳಸುತ್ತಿದ್ದೆವು. ಅಮ್ಮನಿಗೆ ಒಂದು ಕಣ್ಣು ಮಂಜು, ಕಿವಿ ಮಂದ, ಪರದೆಯ ಮೇಲೆ ಮಗನ ತುಟಿ ಅಲ್ಲಾಡುವುದನ್ನು ನೋಡಿ ನನ್ನ ಕಡೆ ತಿರುಗಿ "ಏನಂದ?" ಎಂದು ಕೇಳುವಷ್ಟರಲ್ಲಿ ಸಮಯ ಮುಗಿಯುತ್ತಿತ್ತು. ಕಿವಿ, ಕಣ್ಣಿನ ವೈದ್ಯರ ಪತ್ರಗಳನ್ನು ಸೇರಿಸಿ, ವಿಡಿಯೊ ಇರುವುದು ಮುಖಾಮುಖಿ ಭೇಟಿಯ ಜೊತೆಗೇ ಹೊರತು ಅದರ ಬದಲಿಗೆ ಅಲ್ಲ ಎಂದು ಬರೆದೆವು.

ಇಷ್ಟಾದರೂ ಒಪ್ಪಿಗೆಯ ಪತ್ರ ಹೊರಡಲಿಲ್ಲ. ಕಡತ ಎಲ್ಲಿ ನಿಂತಿದೆಯೋ ಆ ರಾಜ್ಯದ ಹೈಕೋರ್ಟ್‌ಗೆ ಹೋಗಬೇಕು ಎಂಬುದು ವಕೀಲೆಯ ಲೆಕ್ಕ. ಆದೇಶ ಹೊರಡುವುದು ಬಾಕಿ ಇದ್ದರೆ ಅಲ್ಲಿಗೆ, ಒಪ್ಪಿಗೆ ಬಾಕಿ ಇದ್ದರೆ ಇಲ್ಲಿಗೆ. ಅಮ್ಮನ ಹೆಸರಿನಲ್ಲಿ ನಮ್ಮ ಹೈಕೋರ್ಟ್‌ನಲ್ಲಿ ರಿಟ್ ಅರ್ಜಿ ಸಲ್ಲಿಸಿದೆವು. ಅದರಲ್ಲಿ 'ವರ್ಗಾವಣೆ ಮಾಡಿಸಿ' ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಅದು ಸರ್ಕಾರದ ವಿವೇಚನೆ ಎಂಬ ವಾದ ಶುರುವಾಗಿ ಅರ್ಜಿ ಎಳೆಯುತ್ತದೆ. ನಮ್ಮ ಮನವಿಯ ಬಗ್ಗೆ ಗೊತ್ತಾದ ಅವಧಿಯೊಳಗೆ ಕಾರಣ ಸಹಿತ ತೀರ್ಮಾನ ಕೊಡಲು ನಿರ್ದೇಶಿಸಿ ಎಂದಷ್ಟೇ ಕೇಳಿದೆವು. ಅದಕ್ಕೆ ಸರ್ಕಾರಿ ವಕೀಲರೂ ಆಕ್ಷೇಪಿಸಲಿಲ್ಲ. ನ್ಯಾಯಾಲಯ ವಾರಗಳ ಗಡುವು ಕೊಟ್ಟಿತು, ಗಡುವಿನೊಳಗೆ ಒಪ್ಪಿಗೆ ಹೋಯಿತು, ಆ ರಾಜ್ಯದ ವರ್ಗಾವಣೆ ಆದೇಶ ಅದರ ಹಿಂದೆಯೇ ಬಂತು.

ಆದೇಶ ಬಂದರೂ ಬೆಂಗಾವಲು ಪೊಲೀಸರು ಸಿಗಬೇಕು, ಅವನು ಪ್ರಯಾಣಕ್ಕೆ ಯೋಗ್ಯ ಎಂದು ಜೈಲಿನ ವೈದ್ಯರು ಬರೆದುಕೊಡಬೇಕು. ಹೊರಡುವ ದಿನವನ್ನು ಭದ್ರತೆಯ ಕಾರಣಕ್ಕೆ ಮನೆಯವರಿಗೆ ಹೇಳುವುದಿಲ್ಲ. ಅವನು ಇಲ್ಲಿಗೆ ತಲುಪಿದ ಮೇಲೆಯೇ ನಮಗೆ ಗೊತ್ತಾಯಿತು. ಆ ನಡುವೆ ಮಾಡಬೇಕಾದ ಒಂದು ಕೆಲಸವನ್ನು ಯಾರೂ ಹೇಳಿಕೊಡುವುದಿಲ್ಲ. ಕೈದಿಯೊಂದಿಗೆ ಶಿಕ್ಷೆಯ ವಾರಂಟ್ ಬಂದೇ ಬರುತ್ತದೆ, ಅದಿಲ್ಲದೆ ಈ ಜೈಲು ಅವನನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ. ಆದರೆ ಅವನು ದುಡಿದು ಗಳಿಸಿದ ಮಾಫಿ ದಿನಗಳ, ಅಂದರೆ ಶಿಕ್ಷೆಯಲ್ಲಿ ಕಡಿತವಾಗುವ ದಿನಗಳ ಲೆಕ್ಕ, ವೈದ್ಯಕೀಯ ದಾಖಲೆ, ಕೆಲಸದ ಕೂಲಿ ಜಮೆಯಾದ ಖಾತೆಯ ವಿವರ, ಠೇವಣಿ ಇಟ್ಟ ಸಾಮಾನು, ಇವು ಬರುತ್ತವೆಯೇ ಎಂದು ಕೇಳಿ ನೋಡಿಕೊಳ್ಳಬೇಕು. ಹೊರಡುವ ಮೊದಲೇ ಇವುಗಳ ಪಟ್ಟಿಯನ್ನು ಹೆಸರಿಸಿ ತಮ್ಮನಿಂದ ಅಧೀಕ್ಷಕರಿಗೆ ಅರ್ಜಿ ಕೊಡಿಸಿದ್ದೆವು. ಆದರೂ ಮಾಫಿಯ ಹಾಳೆ ಹಿಂದೆ ಉಳಿಯಿತು. ಆ ಹಾಳೆ ಇಲ್ಲದೆ ಹೊಸ ಜೈಲಿನ ಪುಸ್ತಕದಲ್ಲಿ ಅವನು ಹಿಂದೆ ದುಡಿದು ಗಳಿಸಿದ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಪತ್ರ ಬರೆದು ಬರೆದು ತರಿಸಿಕೊಂಡೆವು.

ಜಾಗ ಬದಲಾದರೂ ಬದಲಾಗದ ಒಂದು ವಿಷಯವಿದೆ. ಎಷ್ಟೋ ಕುಟುಂಬಗಳು ಇದನ್ನು ತಿಳಿಯದೆ, ತಮ್ಮ ರಾಜ್ಯಕ್ಕೆ ತಂದರೆ ಬೇಗ ಬಿಡಿಸಿಕೊಳ್ಳಬಹುದು ಎಂದು ವರ್ಗಾವಣೆ ಕೇಳುತ್ತವೆ. ಅವಧಿಪೂರ್ವ ಬಿಡುಗಡೆಯನ್ನು ತೀರ್ಮಾನಿಸುವುದು ಕೈದಿ ಇರುವ ರಾಜ್ಯವಲ್ಲ, ಶಿಕ್ಷೆ ವಿಧಿಸಿದ ನ್ಯಾಯಾಲಯ ಇರುವ ರಾಜ್ಯ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 432(7)ನೇ ಕಲಮಿನಲ್ಲಿ ಹಾಗೆಯೇ ಇತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 473(7)ರಲ್ಲೂ ಹಾಗೆಯೇ ಇದೆ. ಅಪರಾಧ ನಡೆದದ್ದು ಗುಜರಾತ್‌ನಲ್ಲಿ, ವಿಚಾರಣೆ ನಡೆದದ್ದು ಮಹಾರಾಷ್ಟ್ರದಲ್ಲಿ ಆಗಿದ್ದ ಪ್ರಕರಣದಲ್ಲಿ ಗುಜರಾತ್ ಸರ್ಕಾರ ಕೈದಿಗಳನ್ನು ಬಿಟ್ಟ ಆದೇಶವನ್ನು 2024ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು ಇದೇ ಕಾರಣಕ್ಕೆ. ಹಾಗಾಗಿ ತಮ್ಮನ ಸರದಿ ಬಂದಾಗ ಇಲ್ಲಿನ ಅಧೀಕ್ಷಕರ ವರದಿ ಅಲ್ಲಿಗೆ ಹೋಗಿ, ಅಲ್ಲಿನ ನೀತಿಯ ಪ್ರಕಾರವೇ ತೀರ್ಮಾನವಾಗಬೇಕು. ಮೇಲ್ಮನವಿಯೂ ಅಲ್ಲಿನ ಹೈಕೋರ್ಟ್‌ನಲ್ಲೇ ಮುಂದುವರಿಯುತ್ತದೆ. ಅಲ್ಲಿನ ವಕೀಲರಿಗೆ ಹೊಸ ಜೈಲಿನ ವಿಳಾಸವನ್ನೂ ಅವನ ಹೊಸ ಕೈದಿ ಸಂಖ್ಯೆಯನ್ನೂ ಆ ವಾರವೇ ಲಿಖಿತವಾಗಿ ಕಳಿಸಿದೆ. ಜಾಮೀನು ಸಿಕ್ಕರೆ ಬಿಡುಗಡೆಯ ಆದೇಶ ಹಳೆಯ ಜೈಲಿಗೆ ಹೋಗಿ ಕೂರಬಾರದಲ್ಲ.

ಅಮ್ಮ ಈಗ ಡಯಾಲಿಸಿಸ್ ಇಲ್ಲದ ದಿನ ಬೆಳಗಿನ ಬಸ್ಸಿಗೆ ನನ್ನೊಂದಿಗೆ ಹೊರಡುತ್ತಾಳೆ. ಸಂದರ್ಶನದ ಕೋಣೆಯಲ್ಲಿ ಗದ್ದಲ ಹೆಚ್ಚು, ಅವಳಿಗೆ ಕಿವಿ ಕೇಳದು. ವಯಸ್ಸಾದವರಿಗೆ ಹತ್ತಿರ ಕುಳಿತು ಮಾತಾಡಲು ಅವಕಾಶ ಕೊಡಬೇಕೆಂದು, ಅದೇ ಕಿವಿ ವೈದ್ಯರ ಪತ್ರ ಲಗತ್ತಿಸಿ, ಇಲ್ಲಿನ ಅಧೀಕ್ಷಕರಿಗೆ ಅರ್ಜಿ ಕೊಟ್ಟಿದ್ದೇನೆ. ಅರ್ಜಿಯ ಸ್ವೀಕೃತಿ ಸಂಖ್ಯೆ ನನ್ನ ಹತ್ತಿರವಿದೆ.